ಅನುಮತಿ ಕೇಳುವ ಮೇಲ್‌ನಲ್ಲಿ ಸೇರುವ ದಿನಾಂಕವೇ ಇರಲಿಲ್ಲ

ನಾನು ವಿದ್ಯಾರ್ಥಿಗಳ ಆಪ್ತಸಲಹೆಗಾರ್ತಿ. ಪ್ರತಿ ವರ್ಷ ಎಂಜಿನಿಯರಿಂಗ್‌ನ ಆರನೇ ಸೆಮಿಸ್ಟರ್ ಶುರುವಾಗುತ್ತಿದ್ದಂತೆ ಕೆಲವು ಹುಡುಗರು ಹುಡುಗಿಯರು ನನ್ನ ಬಳಿ ಬರುತ್ತಾರೆ. ಬರುವಾಗ ಹೇಳುವುದು ನಿದ್ದೆ ಬರ್ತಿಲ್ಲ, ಓದೋಕೆ ಮನಸ್ಸಿಲ್ಲ ಅಂತ. ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಫೋನ್ ತೆಗೆದು ಒಂದು ಮೇಲ್ ತೋರಿಸುತ್ತಾರೆ. ಹಾಗೆ ಬಂದ ಒಬ್ಬ ಹುಡುಗನನ್ನು ಸುಹಾಸ್ ಅಂತ ಕರೆಯೋಣ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯಲ್ಲಿರುವ ಒಂದು ಕಾಲೇಜು, ಕಂಪ್ಯೂಟರ್ ಸೈನ್ಸ್, ಯಾವ ಸೆಮಿಸ್ಟರ್‌ಗೆ ಯಾವ ವಿಷಯ, ಎಷ್ಟು ಕ್ರೆಡಿಟ್ ಅಂತ ವಿಶ್ವವಿದ್ಯಾಲಯ ನಿಗದಿ ಮಾಡುವ ಸ್ಕೀಮ್ 2022ರದು. ಅಪ್ಪನದು ಸಣ್ಣ ಅಂಗಡಿ. ಬೆಂಗಳೂರಿನ ಒಂದು ಸಣ್ಣ ಕಂಪನಿ ಆರು ತಿಂಗಳ ಇಂಟರ್ನ್‌ಶಿಪ್ ಕೊಡುತ್ತೇವೆ, ಸ್ಟೈಪೆಂಡ್ ಕೂಡ ಇದೆ ಅಂದಿತ್ತು. ಅದನ್ನು ಕ್ರೆಡಿಟ್‌ಗೆ ಸೇರಿಸಿಕೊಂಡು ಈ ಸೆಮಿಸ್ಟರ್‌ನಲ್ಲೇ ಹೋಗಲು ಬಿಡಿ ಅಂತ ಇಂಟರ್ನ್‌ಶಿಪ್ ಕೋಆರ್ಡಿನೇಟರ್‌ಗೆ ಮೇಲ್ ಬರೆದಿದ್ದ. ಕಳಿಸಿರಲಿಲ್ಲ. ದಿನವೂ ರಾತ್ರಿ ಡ್ರಾಫ್ಟ್ ತೆಗೆದು ಒಂದೆರಡು ಸಾಲು ಸೇರಿಸಿ ಮತ್ತೆ ಮುಚ್ಚಿಡುತ್ತಿದ್ದನಂತೆ.

ನಾನು ಪೂರ್ತಿ ಓದಿದೆ. ಇಂಗ್ಲಿಷ್‌ನಲ್ಲಿತ್ತು, ಉದ್ದಕ್ಕೆ ಇತ್ತು. ಅಪ್ಪನ ಸಾಲ, ಅಕ್ಕನ ಮದುವೆ, ಇದು ಜೀವನದ ಒಂದೇ ಅವಕಾಶ, ದಯವಿಟ್ಟು ಇಲ್ಲ ಅನ್ನಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ ಅನ್ನುವವರೆಗೂ ಇತ್ತು. ಕೆಳಗೆ ಆಫರ್ ಲೆಟರ್‌ನ ಸ್ಕ್ರೀನ್‌ಶಾಟ್ ಅಂಟಿಸಿದ್ದ. ಆ ಚಿತ್ರ ಸ್ಟೈಪೆಂಡ್ ಸಾಲಿನ ಕೆಳಗೆ ಸರಿಯಾಗಿ ಕಟ್ ಆಗಿತ್ತು.

"ಸೇರೋದು ಯಾವತ್ತು?" ಅಂದೆ.

ಸುಮ್ಮನಾದ. ಬ್ಯಾಗಿನ ಜಿಪ್ ಎಳೆಯುತ್ತಾ ಕೂತ.

"ಲೆಟರ್ ಪೂರ್ತಿ ಇದೆಯಾ?"

"ಇದೆ ಮೇಡಂ. ಆಗಲೇ ಸೈನ್ ಮಾಡಿ ಕಳಿಸಿಬಿಟ್ಟಿದ್ದೀನಿ. ಮುಂದಿನ ಸೋಮವಾರ ಜಾಯಿನಿಂಗ್. ಸರ್ ಒಪ್ಪದಿದ್ರೂ ಹೋಗ್ತೀನಿ, ಅಟೆಂಡೆನ್ಸ್ ಫ್ರೆಂಡ್ಸ್ ಹಾಕ್ತಾರೆ." ಆಮೇಲೆ ತಲೆ ಎತ್ತದೆ ಇನ್ನೊಂದು ಮಾತು ಹೇಳಿದ: "ಮೇಲ್ ಕಳಿಸಿದ್ರೆ ಇಲ್ಲ ಅಂತಾರೆ ಮೇಡಂ. ಕಳಿಸದೇ ಇದ್ರೆ ಇನ್ನೂ ಯಾರೂ ಇಲ್ಲ ಅಂದಿಲ್ಲ ಅಲ್ವಾ."

ನಿದ್ದೆ ಕೆಟ್ಟಿದ್ದು ಇದಕ್ಕೆ. ಮೇಲ್‌ನಲ್ಲಿ ಅವನು ಅನುಮತಿ ಕೇಳುತ್ತಿರಲಿಲ್ಲ, ತೀರ್ಮಾನ ಆಗಲೇ ಆಗಿಹೋಗಿತ್ತು. ಅದನ್ನು ಮುಚ್ಚಿಡಲು ಕಷ್ಟದ ಕಥೆ ಉದ್ದ ಆಗುತ್ತಾ ಹೋಗಿತ್ತು. ಕಷ್ಟ ಸುಳ್ಳಲ್ಲ. ಆದರೆ ಕೋಆರ್ಡಿನೇಟರ್ ಸಹಿ ಹಾಕಲು ಬೇಕಾದ ಒಂದು ವಿಷಯವೂ ಅದರಲ್ಲಿ ಇರಲಿಲ್ಲ.

ನಾವಿಬ್ಬರೂ ಆವತ್ತು ಸ್ಕೀಮ್‌ನ ಪಟ್ಟಿ ತೆಗೆದು ನೋಡಿದೆವು. ಆರನೇ ಸೆಮಿಸ್ಟರ್‌ನಲ್ಲಿ ಆರು ತಿಂಗಳ ಇಂಟರ್ನ್‌ಶಿಪ್‌ಗೆ ಕ್ರೆಡಿಟ್‌ನ ಜಾಗವೇ ಇಲ್ಲ. ಥಿಯರಿ ಇದೆ, ಲ್ಯಾಬ್ ಇದೆ, ಎಲ್ಲದಕ್ಕೂ 85 ಶೇಕಡಾ ಹಾಜರಿ ಬೇಕು. ಹದಿನಾರು ವಾರದ ಪಾಠ ಅಂದುಕೊಂಡರೆ ತಪ್ಪಿಸಬಹುದಾದದ್ದು ಎರಡು ವಾರ ಚಿಲ್ಲರೆ, ಅಷ್ಟೇ. ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಆ ಸೆಮಿಸ್ಟರ್ ಮತ್ತೆ ಬರುವ ತನಕ ಕಾಯಬೇಕು, ಅಂದರೆ ಒಂದು ವರ್ಷ ಹೋಯಿತು. ಕಾಲೇಜು ಸ್ವಾಯತ್ತ ಆಗಿದ್ದರೆ ತನ್ನ ಪಠ್ಯಕ್ರಮವನ್ನು ತಾನೇ ಹೊಂದಿಸಿಕೊಳ್ಳಲು ಸ್ವಲ್ಪ ಅವಕಾಶ ಇರುತ್ತದೆ. ಇವನದು ಹಾಗಲ್ಲ. ಕೋಆರ್ಡಿನೇಟರ್‌ಗೆ ಎಷ್ಟೇ ಕರುಣೆ ಬಂದರೂ ಸ್ಕೀಮ್‌ನಲ್ಲಿ ಇಲ್ಲದ ಕ್ರೆಡಿಟ್ ಅವರು ಕೊಡಲಾರರು.

ಆದರೆ ಅದೇ ಸ್ಕೀಮ್‌ನಲ್ಲಿ ಎಂಟನೇ ಸೆಮಿಸ್ಟರ್‌ಗೆ 10 ಕ್ರೆಡಿಟ್‌ನ ಇಂಟರ್ನ್‌ಶಿಪ್ ಇದೆ, 14ರಿಂದ 20 ವಾರ. ಜೊತೆಗೆ ಇರುವ ಎರಡು ಎಲೆಕ್ಟಿವ್‌ಗಳು ಆನ್‌ಲೈನ್ ಕೋರ್ಸ್. ಇಂಟರ್ನ್‌ಶಿಪ್‌ಗೆ ಅನುಕೂಲ ಆಗಲಿ ಅಂತ ಏಳು ಮತ್ತು ಎಂಟನೇ ಸೆಮಿಸ್ಟರ್‌ಗಳನ್ನು ಅದಲುಬದಲು ಮಾಡಿಕೊಳ್ಳಲು ಕಾಲೇಜಿಗೆ ಅವಕಾಶವೂ ಇದೆ. ಅಂದರೆ ಆರನೇ ಸೆಮಿಸ್ಟರ್ ಮುಗಿದ ಕೂಡಲೇ ಹೋಗಬಹುದು. ಇದನ್ನು ಒಬ್ಬ ವಿದ್ಯಾರ್ಥಿಗಾಗಿ ಮಾಡುವುದು ಕಷ್ಟ, ವಿಭಾಗ ಒಂದು ಗುಂಪಿಗಾಗಿ ತೀರ್ಮಾನಿಸಬೇಕು, ಅದಕ್ಕೇ ಬೇಗ ಕೇಳಬೇಕು. ಸುಹಾಸ್ ಕೇಳಬೇಕಾಗಿದ್ದು ಇದನ್ನು. ಕೇಳಲು ಸರಿಯಾದ ಸಮಯವೂ ಅದೇ ಆಗಿತ್ತು.

ನಾನು ಕೊಟ್ಟ ಸಲಹೆ: ಮೊದಲು ಕಂಪನಿಗೆ ಬರಿ. ಸಹಿ ಮಾಡುವಾಗ ಕಾಲೇಜಿನ ಒಪ್ಪಿಗೆ ತೆಗೆದುಕೊಂಡಿರಲಿಲ್ಲ, ಈ ಸೆಮಿಸ್ಟರ್ ಆಗುವುದಿಲ್ಲ, ಏಳನೇ ಸೆಮಿಸ್ಟರ್‌ನ ಶುರುವಿಗೆ ತೆಗೆದುಕೊಳ್ಳುತ್ತೀರಾ ಅಂತ ನೇರವಾಗಿ ಕೇಳು. ಅವರ ಉತ್ತರ ಬಂದ ಮೇಲೆ ಕೋಆರ್ಡಿನೇಟರ್‌ಗೆ ಬರಿ.

ಅವನು ಕೂಡಲೇ ಒಪ್ಪಲಿಲ್ಲ. "ಕಂಪನಿ ಕೈ ಬಿಟ್ರೆ ಮೇಡಂ?" ಅಂದ. ಬಿಡಬಹುದು ಅಂದೆ. ಬಿಡುವುದಿಲ್ಲ ಅಂತ ಸುಳ್ಳು ಧೈರ್ಯ ಹೇಳಲು ನನಗೆ ಇಷ್ಟವಿಲ್ಲ. ಆದರೆ ಫ್ರೆಂಡ್ಸ್ ಹಾಕುವ ಪ್ರಾಕ್ಸಿ ಹಾಜರಿಯ ಮೇಲೆ ಆರು ತಿಂಗಳು ಎಳೆಯುವುದು ಅಂದರೆ ದಿನಾ ಬೆಳಗ್ಗೆ ಸಿಕ್ಕಿಬೀಳುವ ಭಯ. ಮುಗಿದ ಮೇಲೆ ಸರ್ಟಿಫಿಕೇಟ್ ತಂದುಕೊಟ್ಟರೂ ಕ್ರೆಡಿಟ್ ಆಗುವುದಿಲ್ಲ, ಯಾಕೆಂದರೆ ಕಾಲೇಜಿನ ಗೈಡ್ ಇರಲಿಲ್ಲ, ರಿವ್ಯೂ ಆಗಿಲ್ಲ, ಅಂಕ ಹಾಕುವವರೇ ಇಲ್ಲ.

ಕೋಆರ್ಡಿನೇಟರ್‌ಗೆ ಹೋದ ಮೇಲ್‌ನ ತಿರುಳು ಕನ್ನಡದಲ್ಲಿ ಹೀಗಿದೆ:

"ವಿಷಯ: ಏಳನೇ ಸೆಮಿಸ್ಟರ್‌ನಲ್ಲಿ ಇಂಟರ್ನ್‌ಶಿಪ್‌ಗೆ ಅನುಮತಿ ಕೋರಿಕೆ (ಹೆಸರು, ಯುಎಸ್‌ಎನ್, ಸೆಕ್ಷನ್).

ಸರ್, ಏಳು ಮತ್ತು ಎಂಟನೇ ಸೆಮಿಸ್ಟರ್ ಅದಲುಬದಲು ಮಾಡುವ ಗುಂಪು ಇದ್ದರೆ ನನ್ನನ್ನು ಅದರಲ್ಲಿ ಸೇರಿಸಬೇಕೆಂದು ಕೋರುತ್ತೇನೆ. ಕಂಪನಿ, ಕೆಲಸ, ಶುರುವಾಗುವ ಮತ್ತು ಮುಗಿಯುವ ದಿನಾಂಕ, ಅಲ್ಲಿನ ಮಾರ್ಗದರ್ಶಕರ ಹೆಸರು ಮತ್ತು ಮೇಲ್ ವಿಳಾಸ ಕೆಳಗಿವೆ. ಒಟ್ಟು 18 ವಾರ. ಎರಡು ಆನ್‌ಲೈನ್ ಕೋರ್ಸ್‌ಗಳ ಪರೀಕ್ಷೆಯ ದಿನ ರಜೆ ಕೊಡಲು ಕಂಪನಿ ಒಪ್ಪಿದೆ. ಕಾಲೇಜಿನ ಗೈಡ್ ಹೇಳಿದ ದಿನ ರಿವ್ಯೂಗೆ ಬರುತ್ತೇನೆ. ನಿಮ್ಮನ್ನು ಕೇಳುವ ಮೊದಲೇ ಈ ಸೆಮಿಸ್ಟರ್‌ಗೆ ಆಫರ್ ಒಪ್ಪಿಕೊಂಡಿದ್ದೆ, ಅದನ್ನು ಮುಂದಕ್ಕೆ ಹಾಕಿಸಿದ್ದೇನೆ. ಎರಡೂ ಪತ್ರ ಲಗತ್ತಿಸಿದ್ದೇನೆ. ಮನೆಯ ಪರಿಸ್ಥಿತಿಯಿಂದ ಸ್ಟೈಪೆಂಡ್ ನನಗೆ ಮುಖ್ಯ, ಬೇಕಿದ್ದರೆ ನಿಮ್ಮ ಬಳಿ ಬಂದು ಹೇಳುತ್ತೇನೆ."

ಕಷ್ಟ ಒಂದೇ ಸಾಲಿಗೆ ಬಂತು. ಅದಕ್ಕೆ ಅವನ ಅಕ್ಕ ಫೋನ್ ಮಾಡಿ ಬೇಜಾರು ಮಾಡಿಕೊಂಡರು, ಮನೆ ಕಷ್ಟ ಹೇಳೋದು ತಪ್ಪಾ ಅಂತ. ತಪ್ಪಲ್ಲ. ಎದುರು ಕೂತು ಹೇಳಿದರೆ ಕೇಳುವವರು ಏನಾದರೂ ದಾರಿ ಹುಡುಕುತ್ತಾರೆ. ಆದರೆ ಆ ಮೇಲ್ ಕೋಆರ್ಡಿನೇಟರ್‌ನಿಂದ ವಿಭಾಗದ ಮುಖ್ಯಸ್ಥರಾದ ಎಚ್ಒಡಿಗೆ, ಅಲ್ಲಿಂದ ಪ್ರಿನ್ಸಿಪಾಲ್‌ಗೆ ಫಾರ್ವರ್ಡ್ ಆಗುತ್ತದೆ. ಅಕ್ಕನ ಮದುವೆ ಸಾಲ ಅಷ್ಟು ಜನರ ಇನ್‌ಬಾಕ್ಸ್‌ನಲ್ಲಿ ಯಾಕೆ ಕೂರಬೇಕು?

ಮೇಲ್ ತಿದ್ದೋದು ಆಪ್ತಸಲಹೆಗಾರರ ಕೆಲಸವಾ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ನಾನು ಹೌದು ಅಂತಲೇ ಹೇಳುತ್ತೇನೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಬಹುದಿತ್ತು, ಅವನು ಒಂದೆರಡು ರಾತ್ರಿ ಮಲಗುತ್ತಿದ್ದ, ಸೋಮವಾರ ಮಾತ್ರ ಬಂದೇ ಬರುತ್ತಿತ್ತು. ಇಲ್ಲ ಅನ್ನಿಸಿಕೊಳ್ಳುವ ಭಯ ಅವನಿಗೆ ಇದ್ದದ್ದು ಆ ಡ್ರಾಫ್ಟ್‌ನಲ್ಲಿ, ಹಾಗಾಗಿ ನಾನು ಅಲ್ಲೇ ಕೆಲಸ ಮಾಡಿದೆ.

ಕಂಪನಿ ಈ ಬಾರಿ ಬೇರೆಯವರನ್ನು ತೆಗೆದುಕೊಂಡಿತು, ಇವನನ್ನು ಮುಂದಿನ ತಂಡಕ್ಕೆ ಇಟ್ಟುಕೊಂಡಿತು. ಆರು ತಿಂಗಳ ಬದಲು 18 ವಾರ, ಹಾಗಾಗಿ ಸ್ಟೈಪೆಂಡ್ ಒಟ್ಟು ಕಡಿಮೆ. ಕೋಆರ್ಡಿನೇಟರ್ ಮೇಲ್‌ಗೆ ಒಂದೇ ಪ್ರಶ್ನೆ ಹಾಕಿದರು, ಅಲ್ಲಿನ ಮಾರ್ಗದರ್ಶಕರ ಜೊತೆ ಫೋನಲ್ಲಿ ಮಾತಾಡಬಹುದಾ ಅಂತ. ಮಾತಾಡಿದ ಮೇಲೆ ಎಚ್ಒಡಿಗೆ ಕಳಿಸಿದರು, ಇನ್ನೂ ನಾಲ್ಕು ಜನರ ಕೋರಿಕೆ ಸೇರಿಸಿ ಗುಂಪು ಮಾಡಿದರು. ಅಪ್ಪನಿಗೆ ಹಣ ತಡವಾಗುತ್ತದೆ ಅಂತ ಸುಹಾಸ್ ಇನ್ನೂ ಹೇಳಿಲ್ಲ. ಮುಂದಿನ ಸೆಷನ್‌ಗೆ ಅದನ್ನೇ ಇಟ್ಟುಕೊಂಡಿದ್ದೇವೆ.