ಟರ್ಕಿ, ಗ್ರೀಸ್ ದ್ರಾಕ್ಷಿ ಪ್ರವಾಸಕ್ಕೆ ಹೊರಟವರು ಕೈಸನ್ನೆಯಲ್ಲಿ ಎಚ್ಚರವಹಿಸಬೇಕಾದ ಕಡೆಗಳು

«ನಮಸ್ಕಾರ್ರೀ ಎಲ್ಲಾರಿಗೂ. ನಾವು ತಿಕೋಟಾ ಕಡೆ ದ್ರಾಕ್ಷಿ ಬೆಳೆಯೋ ಒಂದಿಷ್ಟ ಮಂದಿ ಆಗಸ್ಟದಾಗ ಟರ್ಕಿ, ಗ್ರೀಸ್ ಎರಡೂ ಕಡೆ ಒಣದ್ರಾಕ್ಷಿ ಮಾಡೂದು ನೋಡಾಕ ಹೊಂಟೀವಿ. ಭಾಷಾ ಬರಂಗಿಲ್ಲ, ಕೈಸನ್ನೀಲೇ ಮಾತಾಡಬೇಕು. ಅಲ್ಲಿ ಯಾವ ಸನ್ನಿ ಮಾಡಿದ್ರ ಬೈದಂಗ ಆಗ್ತೈತಿ, ಗೊತ್ತಿದ್ದವರು ಹೇಳ್ರಿ.»

ಅಣ್ಣಾವರೆ, ನಿಮ್ಮ ಪ್ರವಾಸದಲ್ಲಿ ಹೆಚ್ಚು ಅಪಾಯವಿರುವುದು ನಾವು ಬೈಗುಳವೆಂದು ಬಲ್ಲ ಸನ್ನೆಗಳಿಂದಲ್ಲ, ದಿನವೂ ಯೋಚಿಸದೆ ಮಾಡುವ ಸನ್ನೆಗಳಿಂದ. ಅವುಗಳಲ್ಲಿ ಮೊದಲನೆಯದು ಬಿಚ್ಚಿದ ಅಂಗೈ. ಗ್ರೀಸ್‌ನಲ್ಲಿ ಐದೂ ಬೆರಳುಗಳನ್ನು ಅಗಲಿಸಿ ಅಂಗೈಯನ್ನು ಎದುರಿನವರ ಮುಖದತ್ತ ಚಾಚುವುದು ಬಹಳ ಹಳೆಯ, ಇಂದಿಗೂ ಜೀವಂತವಾಗಿರುವ ಬೈಗುಳ. ಅದಕ್ಕೆ ಅವರು ಮೂಂಜಾ ಎನ್ನುತ್ತಾರೆ. ಬೈಜಾಂಟಿಯಮ್ ಸಾಮ್ರಾಜ್ಯದ ಕಾಲದಲ್ಲಿ ಅಪರಾಧಿಯನ್ನು ಕತ್ತೆಯ ಮೇಲೆ ಹಿಂದುಮುಂದಾಗಿ ಕೂರಿಸಿ, ಬೂದಿ ಮಸಿಯನ್ನು ಅಂಗೈಯಿಂದ ಅವನ ಮುಖಕ್ಕೆ ಬಳಿದು ಊರೆಲ್ಲ ಮೆರವಣಿಗೆ ಮಾಡುತ್ತಿದ್ದರೆಂದೂ, ಆ ಬಳಿಯುವ ಕೈಯೇ ಸನ್ನೆಯಾಗಿ ಉಳಿಯಿತೆಂದೂ ಹೇಳುತ್ತಾರೆ. ಮುಖಕ್ಕೆ ಮಸಿ ಬಳಿದು ಕತ್ತೆಯ ಮೇಲೆ ಕೂರಿಸುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲವಾದ್ದರಿಂದ, ಗ್ರೀಕರಿಗೆ ಅದು ಏಕೆ ಅಷ್ಟು ನಾಟುತ್ತದೆ ಎಂಬುದು ನಮಗೆ ಬೇಗ ಅರ್ಥವಾಗಬೇಕು. 2011ರಲ್ಲಿ ಸರ್ಕಾರದ ಮಿತವ್ಯಯ ನೀತಿಯನ್ನು ವಿರೋಧಿಸಿ ಅಥೆನ್ಸ್‌ನ ಸಿಂಟಾಗ್ಮಾ ಚೌಕದಲ್ಲಿ ಸೇರಿದ ಜನ, ಸಂಸತ್ ಭವನದ ಕಡೆಗೆ ಒಟ್ಟಿಗೆ ಇದೇ ಅಂಗೈಯನ್ನು ಚಾಚಿದ್ದರು.

ಇದು ರೈತರಾದ ನಮಗೆ ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ ಲೆಕ್ಕವನ್ನು ಬೆರಳಿನಲ್ಲಿ ಹೇಳುವುದು ನಮಗೆ ರೂಢಿಯಾಗಿದೆ. ದನದ ಸಂತೆಯಲ್ಲಿ ದಲಾಲರು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವುದನ್ನು ನೋಡುತ್ತ ಬೆಳೆದ ನಾವು, ಭಾಷೆ ಬಾರದ ಕಡೆ ಮೊದಲು ಎತ್ತುವುದೇ ಕೈಯನ್ನು. ನಾನು ಒಣದ್ರಾಕ್ಷಿ ವ್ಯಾಪಾರದವರೊಡನೆ ಗ್ರೀಸ್‌ನ ಏಗಿಯೋ ಪಟ್ಟಣಕ್ಕೆ ಹೋದಾಗ ಕಣ್ಣಾರೆ ಕಂಡದ್ದು ಇದು. ಆ ಸೀಮೆಯ ಸಣ್ಣ ಕಪ್ಪು ಒಣದ್ರಾಕ್ಷಿ ಪ್ರಸಿದ್ಧವಾದದ್ದು. ಅಂಗಡಿಯೊಂದರಲ್ಲಿ ನಮ್ಮ ತಂಡದ ಹಿರಿಯರೊಬ್ಬರಿಗೆ ಐದು ಪೊಟ್ಟಣ ಬೇಕಾಗಿದ್ದವು. ಅಂಗಡಿಯಾಕೆ ಒಂದನ್ನೇ ಕಟ್ಟಲು ಹೊರಟಾಗ ಅವರು ಗಲ್ಲೆಯ ಮೇಲಿಂದ ಕೈ ಚಾಚಿ, ಬೆರಳು ಅಗಲಿಸಿ, ಅವಳ ಮುಖದ ಮುಂದೆಯೇ «ಐದು, ಐದು» ಎಂದು ಎರಡು ಸಲ ಮುಂದಕ್ಕೆ ತಳ್ಳಿ ತೋರಿಸಿದರು. ಆಕೆಯ ಕೈ ನಿಂತಿತು, ಮುಖ ಬಿಗಿಯಿತು, ಹಿಂದೆ ನಿಂತಿದ್ದ ಮುದುಕ ಏನೋ ಗಟ್ಟಿಯಾಗಿ ಅಂದ. ನಮ್ಮವರು ತಾವು ಹೇಳಿದ್ದು ತಿಳಿಯಲಿಲ್ಲವೆಂದು ಭಾವಿಸಿ, ಇನ್ನಷ್ಟು ಸ್ಪಷ್ಟವಾಗಲೆಂದು ಕೈಯನ್ನು ಇನ್ನೂ ಹತ್ತಿರ ಒಯ್ದರು. ಮೂಂಜಾ ಮುಖಕ್ಕೆ ಹತ್ತಿರವಾದಷ್ಟೂ ಅವಮಾನ ಹೆಚ್ಚು. ಎರಡೂ ಕೈ ಸೇರಿಸಿ, ಒಂದರ ಬೆನ್ನಿಗೆ ಇನ್ನೊಂದನ್ನು ಬಡಿದು ತೋರಿಸಿದರೆ ಇಮ್ಮಡಿ. ಹೀಗಾಗಿ ಹತ್ತು ಎಂದು ಎರಡು ಕೈ ತೋರಿಸುವುದು ಐದಕ್ಕಿಂತ ಕೆಟ್ಟದ್ದು. ಜೊತೆಗಿದ್ದ ಚಾಲಕ ನಡುವೆ ಬಂದು ವಿವರಿಸಿದ ಮೇಲೆ ಆಕೆ ನಕ್ಕು ಐದು ಪೊಟ್ಟಣ ಕೊಟ್ಟಳು. ಆದರೆ ಎಲ್ಲ ಕಡೆ ಚಾಲಕ ಪಕ್ಕದಲ್ಲಿ ಇರುವುದಿಲ್ಲ.

ಆದ್ದರಿಂದ ಅಲ್ಲಿ ಐದನ್ನು ತೋರಿಸಬೇಕಾದರೆ ಅಂಗೈ ನಿಮ್ಮ ಕಡೆಗಿರಲಿ, ಕೈಯ ಬೆನ್ನು ಅವರ ಕಡೆಗಿರಲಿ, ಮತ್ತು ಕೈ ಎದೆಯ ಮಟ್ಟದಲ್ಲಿ ಅಲುಗಾಡದೆ ನಿಲ್ಲಲಿ. ಇದಕ್ಕಿಂತ ಸುಲಭವಾದದ್ದು ಮೊಬೈಲಿನ ಕ್ಯಾಲ್ಕುಲೇಟರ್‌ನಲ್ಲಿ ಅಂಕಿ ಒತ್ತಿ ತೋರಿಸುವುದು. ಐದಕ್ಕೆ ಗ್ರೀಕಿನಲ್ಲಿ ಪೆಂದೆ, ಟರ್ಕಿಯಲ್ಲಿ ಬೆಶ್ ಎಂದು ಬಾಯಲ್ಲಿ ಅಂದರೂ ಸಾಕು. ತಪ್ಪಿಹೋಗಿ ಎದುರಿನವರ ಮುಖ ಬದಲಾದರೆ, ಅಥವಾ ಅವರೇ «ನಾ!» ಎಂದು ಅಂಗೈ ಚಾಚಿದರೆ, ಸನ್ನೆಯನ್ನು ಮತ್ತೆ ಮಾಡಬೇಡಿ. ಕೈ ಇಳಿಸಿ, ಬಲಗೈಯನ್ನು ಎದೆಯ ಮೇಲಿಟ್ಟು, ಗ್ರೀಸ್‌ನಲ್ಲಾದರೆ «ಸಿಗ್ನೋಮಿ» ಎಂದು ಕ್ಷಮೆ ಕೇಳಿ. ಹೊರಗಿನವರೆಂಬುದು ಅವರಿಗೆ ಆ ಹೊತ್ತಿಗೆ ಅರ್ಥವಾಗಿರುತ್ತದೆ.

ಇದೇ ಅಂಗೈ ಇನ್ನೆರಡು ಕಡೆ ಅರಿವಿಲ್ಲದೆ ಹೊರಬರುತ್ತದೆ. ಒಂದು, ಊಟದ ಹೊತ್ತು. ನಮ್ಮಲ್ಲಿ ಇನ್ನೊಂದು ರೊಟ್ಟಿ ಹಾಕಲು ಬಂದವರನ್ನು «ಸಾಕ್ರೀ, ಸಾಕು» ಎಂದು ಅಂಗೈ ಅಡ್ಡ ಹಿಡಿದು ತಡೆಯುತ್ತೇವೆ. ಒತ್ತಾಯ ಹೆಚ್ಚಿದಷ್ಟೂ ಕೈ ಬಡಿಸುವವರ ಮುಖದ ಕಡೆಗೆ ಏರುತ್ತದೆ. ಗ್ರೀಕ್ ರೈತರ ಮನೆಯಲ್ಲೂ ಒತ್ತಾಯ ಮಾಡಿಯೇ ಬಡಿಸುತ್ತಾರೆ. ಅಲ್ಲಿ ಬೇಡವೆನ್ನಲು ಬಲಗೈಯನ್ನು ಎದೆಯ ಮೇಲಿಟ್ಟು ತಲೆ ತುಸು ಬಾಗಿಸಿದರೆ ಸಾಕು, ಟರ್ಕಿಯಲ್ಲಿಯೂ ಇದೇ ಮರ್ಯಾದೆಯ ರೀತಿ. ಇನ್ನೊಂದು, ರಸ್ತೆಯಲ್ಲಿ ವಾಹನಕ್ಕೆ ನಿಲ್ಲೆಂದು ಕೈ ಒಡ್ಡುವುದು. ಬೆರಳುಗಳನ್ನು ಒಟ್ಟಿಗೆ ಸೇರಿಸಿ, ಅಂಗೈಯನ್ನು ನೆಲದ ಕಡೆ ಮಾಡಿ ಮೆಲ್ಲನೆ ಕೆಳಕ್ಕೆ ಆಡಿಸಿದರೆ ಯಾರಿಗೂ ತಪ್ಪಾಗಿ ಕಾಣುವುದಿಲ್ಲ. ಬೀಳ್ಕೊಡುವಾಗ ಕೈ ಬೀಸಲು ಅಂಜಬೇಕಾಗಿಲ್ಲ. ಮುಖದತ್ತ ತಳ್ಳುವುದೇ ದೋಷವಲ್ಲದೆ ಅಂಗೈ ಕಾಣುವುದು ದೋಷವಲ್ಲ.

ಟರ್ಕಿಯಲ್ಲಿ ಅಂಗೈಯ ಈ ಚಿಂತೆ ಇಲ್ಲ. ಅಲ್ಲಿ ಎಚ್ಚರ ಬೇಕಾದದ್ದು ಬೇರೆ ಎರಡು ಸನ್ನೆಗಳಲ್ಲಿ. ಮನೀಸಾ, ಅಲಾಶೆಹಿರ್ ಸುತ್ತಿನ ತೋಟಗಳಿಗೆ ಹೋದರೆ, ನಮ್ಮ ಥಾಮ್ಸನ್ ಬೀಜರಹಿತ ತಳಿಯ ಬಳಗದ್ದೇ ಆದ ಸುಲ್ತಾನಾ ದ್ರಾಕ್ಷಿಯನ್ನು ಪೊಟ್ಯಾಷಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿ ಬಿಸಿಲಿಗೆ ಹರವಿರುವುದನ್ನು ಕಾಣುತ್ತೀರಿ. ಬಣ್ಣ ಚೆನ್ನಾಗಿ ಬಂದಿದೆ ಎಂದು ಹೇಳಲು ನಮ್ಮ ಹುಡುಗರು ಹೆಬ್ಬೆರಳು, ತೋರುಬೆರಳು ಕೂಡಿಸಿ ಉಂಗುರ ಮಾಡಿ ತೋರಿಸುವುದು ಸಾಮಾನ್ಯ. ಟರ್ಕಿಯಲ್ಲಿ ಆ ಉಂಗುರವನ್ನು ಗಂಡಸಿಗೆ ತೋರಿಸಿದರೆ ಅವನನ್ನು ಲೈಂಗಿಕವಾಗಿ ಹೀಯಾಳಿಸಿದಂತಾಗುತ್ತದೆ. ಬ್ರೆಜಿಲ್‌ನಲ್ಲಿಯೂ ಅದು ಅಶ್ಲೀಲವೇ. ಹೊಗಳಬೇಕಾದಲ್ಲಿ ಅವರದೇ ಸನ್ನೆ ಇದೆ: ಐದೂ ಬೆರಳುಗಳ ತುದಿಗಳನ್ನು ಮೇಲ್ಮುಖವಾಗಿ ಕೂಡಿಸಿ ಕೈಯನ್ನು ಮೆಲ್ಲನೆ ಮೇಲೆ ಕೆಳಗೆ ಆಡಿಸಿದರೆ, ಸರಕು ಅಥವಾ ಅಡುಗೆ ಬಹಳ ಚೆನ್ನಾಗಿದೆ ಎಂದರ್ಥ. ಅದನ್ನು ಬಾಯಿಯ ಹತ್ತಿರ ಒಯ್ಯಬೇಡಿ, ಊಟ ಕೇಳುತ್ತಿದ್ದೀರೆಂದು ತಿಳಿದುಕೊಂಡಾರು.

ಎರಡನೆಯದು, ಮುಷ್ಟಿ ಕಟ್ಟಿ ತೋರುಬೆರಳು ಮತ್ತು ನಡುಬೆರಳಿನ ನಡುವಿನಿಂದ ಹೆಬ್ಬೆರಳಿನ ತುದಿಯನ್ನು ಹೊರಗೆ ಹಾಕುವುದು. ಟರ್ಕಿಯಲ್ಲಿ ಇದು «ನಿನಗೆ ಏನೂ ಸಿಗುವುದಿಲ್ಲ, ಹೋಗು» ಎಂಬುದರ ಅಶ್ಲೀಲ ರೂಪ. ವ್ಯಾಪಾರದಲ್ಲಿ ಇದನ್ನು ಯಾರೂ ಮಾಡುವುದಿಲ್ಲ ಎನ್ನಬಹುದು. ಆದರೆ ಎಳೆಯ ಮಗುವಿನ ಮೂಗು ಹಿಡಿದು «ನಿನ್ನ ಮೂಗು ಕಿತ್ತುಕೊಂಡೆ» ಎಂದು ಆಡಿಸುವವರು ಮಾಡುವುದು ಇದೇ ಮುಷ್ಟಿಯನ್ನು. ಆತಿಥೇಯರ ಮನೆಯ ಮಗುವಿನೊಡನೆ ಈ ಆಟ ಬೇಡ.

ಬೈಗುಳವಲ್ಲದಿದ್ದರೂ ಜಗಳಕ್ಕೆ ದಾರಿಯಾಗುವ ಇನ್ನೊಂದನ್ನು ಹೇಳಲೇಬೇಕು. ಟರ್ಕಿ ಮತ್ತು ಗ್ರೀಸ್ ಎರಡೂ ಕಡೆ ಇಲ್ಲವೆನ್ನಲು ಹುಬ್ಬೇರಿಸಿ, ಗದ್ದವನ್ನು ಮೇಲಕ್ಕೆತ್ತಿ, ನಾಲಿಗೆಯಿಂದ «ಚ್ಚ್» ಎನ್ನುತ್ತಾರೆ. ನಮ್ಮ ಕಡೆ ಗದ್ದ ಮೇಲೆತ್ತಿದರೆ «ಏನು?» ಎಂದು ಕೇಳಿದಂತೆ. ಅವರು ಆ ದರಕ್ಕೆ ಆಗದೆನ್ನುತ್ತಿದ್ದರೆ, ನಾವು ಅವರಿಗೆ ಕೇಳಿಸಲಿಲ್ಲವೆಂದು ಅದೇ ದರವನ್ನು ಇನ್ನೂ ಗಟ್ಟಿಯಾಗಿ ಹೇಳುತ್ತ ಹೋಗುತ್ತೇವೆ. ಒಮ್ಮೆ ಗದ್ದ ಮೇಲೆದ್ದರೆ ಆ ಮಾತು ಮುಗಿಯಿತೆಂದು ತಿಳಿಯಿರಿ.

ಮೇಲೆ ಬಂದಿರುವ ಉತ್ತರಗಳ ಬಗ್ಗೆಯೂ ಒಂದೆರಡು ಮಾತು. ಅಥಣಿಯ ಅಣ್ಣನವರು ಔಷಧ ಹೊಡೆಯುವಾಗ ಟ್ರ್ಯಾಕ್ಟರ್ ಚಾಲಕನಿಗೆ ಮಾಡುವ ಕೈಸನ್ನೆಗಳನ್ನು ವಿವರವಾಗಿ ಬರೆದಿದ್ದಾರೆ. ಅದು ಉಪಯುಕ್ತವೇ, ಆದರೆ ಕೇಳಿದ ಪ್ರಶ್ನೆ ಅದಲ್ಲವೆಂದು ತೋರುತ್ತದೆ. ಗೋಕಾಕದ ಅಕ್ಕನವರು ತಮ್ಮ ಮಗ ಇಂಗ್ಲೆಂಡಿನ ಹೋಟೆಲಿನಲ್ಲಿ ಎರಡು ಚಹಾ ಎಂದು ಎರಡು ಬೆರಳು ತೋರಿಸಿ ಬೈಸಿಕೊಂಡದ್ದನ್ನು ಬರೆದು, ಕಾರಣ ಕೇಳಿದ್ದಾರೆ. ಅಕ್ಕಾವರೆ, ಅವನ ಕೈಯ ಬೆನ್ನು ಹೊರಗಿದ್ದಿರಬೇಕು. ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಎರಡು ಬೆರಳು ಎತ್ತಿದಾಗ ಅಂಗೈ ಎದುರಿನವರಿಗೆ ಕಂಡರೆ ಅದು ಗೆಲುವು ಅಥವಾ ಶಾಂತಿ, ಕೈಯ ಬೆನ್ನು ಕಂಡರೆ ಕೆಟ್ಟ ಬೈಗುಳ. 1992ರಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಅವರು ಕ್ಯಾನ್‌ಬೆರಾದಲ್ಲಿ ಕಾರಿನೊಳಗಿಂದ ಈ ತಿರುಗಿಸಿದ ಎರಡು ಬೆರಳನ್ನು ಜನರಿಗೆ ತೋರಿಸಿದ್ದರು. ಅಮೆರಿಕದ ಕೃಷಿ ಸಹಾಯಧನವನ್ನು ವಿರೋಧಿಸಿ ಅಲ್ಲಿನ ರೈತರು ಆಗ ಪ್ರತಿಭಟನೆಯಲ್ಲಿದ್ದರು ಎಂಬುದು ನಮ್ಮ ಗುಂಪಿನವರು ಗಮನಿಸಬೇಕಾದ ಸಂಗತಿ. ಹೀಗೆ ಗ್ರೀಸ್‌ನಲ್ಲಿ ಕೈಯ ಬೆನ್ನು ತೋರಿಸುವುದು ಕ್ಷೇಮವಾದರೆ, ಇಂಗ್ಲೆಂಡಿನಲ್ಲಿ ಎರಡನ್ನು ಎಣಿಸುವಾಗ ಅಂಗೈ ತೋರಿಸುವುದೇ ಕ್ಷೇಮ. ನಿಮ್ಮ ತಂಡ ಲಂಡನ್ ಮೂಲಕ ಮರಳುವುದಾದರೆ ಇದನ್ನು ನೆನಪಿಡಿ.

ಜಮಖಂಡಿಯ ತಮ್ಮನವರು ಹೆಬ್ಬೆರಳು ಎತ್ತುವುದು ವಿದೇಶಗಳಲ್ಲೆಲ್ಲ ನಿಷಿದ್ಧವೆಂದು ಬರೆದಿದ್ದಾರೆ. ಅದು ಅರ್ಧ ನಿಜ. ಇರಾನ್‌ನಲ್ಲಿ ಅದು ನಿಜಕ್ಕೂ ಹಳೆಯ ಬೈಗುಳ, ಆದರೆ ಟರ್ಕಿಯಲ್ಲಿ ಹೆಬ್ಬೆರಳಿಗೆ ಯಾರೂ ಸಿಟ್ಟಾಗುವುದನ್ನು ನಾನು ಕಂಡಿಲ್ಲ. ಗ್ರೀಸ್‌ನ ವಿಷಯದಲ್ಲಿ ಮಾತ್ರ ನಮ್ಮಲ್ಲೇ ಒಮ್ಮತವಿಲ್ಲ. ಹಲವು ವರ್ಷ ಇಜ್ಮೀರ್, ಅಥೆನ್ಸ್ ಎರಡೂ ಕಡೆ ಒಣದ್ರಾಕ್ಷಿ ಕಳಿಸಿದ ವಿಜಯಪುರದ ಕಾಕಾ ಅವರು, ಹಳ್ಳಿಯ ಹಿರಿಯರ ಮುಂದೆ ಅದನ್ನು ಎತ್ತಲೇಬಾರದು ಎನ್ನುತ್ತಾರೆ. ನಾನು ಕಂಡ ಹರೆಯದವರು ಮಾತಿಗೊಮ್ಮೆ ಅದನ್ನೇ ಎತ್ತುತ್ತಿದ್ದರು. ಹೀಗಾಗಿ ನಿಮಗೆ ನನ್ನ ಸಲಹೆ, ಅವರು ಎತ್ತಿದ ಮೇಲೆ ನೀವು ಎತ್ತಿ, ಮೊದಲು ಎತ್ತಬೇಡಿ. ಈಚೆಗೆ ಪೆಲೊಪೊನೀಸ್‌ನ ಹಳ್ಳಿಗಳಿಗೆ ಹೋಗಿಬಂದವರು ಯಾರಾದರೂ ಗುಂಪಿನಲ್ಲಿದ್ದರೆ, ಅಲ್ಲಿನ ಹಿರಿಯರು ಇಂದಿಗೂ ಇದಕ್ಕೆ ಬೇಸರಪಡುತ್ತಾರೆಯೇ ಎಂಬುದನ್ನು ಇಲ್ಲಿ ಬರೆಯಬೇಕಾಗಿ ಕೋರುತ್ತೇನೆ.