ನಾನೂರರ ಕೊನೆಯ ನೂರರಲ್ಲಿ ಕಾಲು ಯಾಕೆ ಕಟ್ಟುತ್ತದೆ?

ಪ್ರಶ್ನೆ: 200 ಮೀಟರ್ ಓಟದಲ್ಲಿ ನನ್ನ ಅತ್ಯುತ್ತಮ ಸಮಯ 24.8 ಸೆಕೆಂಡ್. 400ರಲ್ಲಿ ಮಾತ್ರ 58 ಆಗುತ್ತೆ. ಮೊದಲ 200 ಮೀಟರ್ 25.3ಕ್ಕೆ ಮುಗಿಸ್ತೀನಿ, 300 ದಾಟುವಾಗ 40. ಅಲ್ಲಿಂದ ಕಾಲು ಕೊರಡಿನ ಹಾಗಾಗಿ ಕೊನೆಯ 100ಕ್ಕೆ 18 ಸೆಕೆಂಡ್ ಹಿಡಿಯುತ್ತೆ. ಲ್ಯಾಕ್ಟಿಕ್ ಆಸಿಡ್ ತುಂಬಿಕೊಳ್ಳೋದೇ ಕಾರಣ, ದಿನಾ 8 ಕಿ.ಮೀ. ನಿಧಾನವಾಗಿ ಓಡು ಅಂತಾರೆ ಗೆಳೆಯರು. ಹೌದಾ?

ಉತ್ತರ: ಲ್ಯಾಕ್ಟಿಕ್ ಆಸಿಡ್ ಮೇಲಿನ ಆರೋಪ ಹಳೆಯದು, ಅರ್ಧ ಮಾತ್ರ ನಿಜ. ನಿಮ್ಮ ತೊಂದರೆ ಶುರುವಾಗುವುದು ಮೊದಲ 200 ಮೀಟರ್‌ನಲ್ಲಿ. ಅಲ್ಲಿ ನೀವು ನಿಮ್ಮ ಅತ್ಯುತ್ತಮ ಸಮಯಕ್ಕಿಂತ ಬರೀ ಅರ್ಧ ಸೆಕೆಂಡ್ ನಿಧಾನ.

ಸ್ನಾಯು ಕುಗ್ಗಲು ಶಕ್ತಿ ಕೊಡುವ ಅಣು ಎಟಿಪಿ, ಪೂರ್ತಿ ವೇಗದಲ್ಲಿ ಓಡಿದರೆ ಎರಡು ಮೂರು ಸೆಕೆಂಡಿಗಾಗುವಷ್ಟು ಮಾತ್ರ ಸಂಗ್ರಹವಿರುತ್ತದೆ. ಅದನ್ನು ತಕ್ಷಣ ತುಂಬಿಕೊಡುವುದು ಕ್ರಿಯಾಟಿನ್ ಫಾಸ್ಫೇಟ್. ಅದರ ಬಹುಪಾಲು ಹತ್ತು ಸೆಕೆಂಡಿನೊಳಗೇ ಖರ್ಚಾಗಿರುತ್ತದೆ. ಆಮೇಲಿನ ಹೊರೆ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜೆನನ್ನು ಆಮ್ಲಜನಕವಿಲ್ಲದೆ ಒಡೆಯುವ ದಾರಿಯ ಮೇಲೆ ಬೀಳುತ್ತದೆ. ಇದು ವೇಗದ ದಾರಿ, ಆದರೆ ದುಂದು: ಒಂದು ಗ್ಲೂಕೋಸ್ ಘಟಕಕ್ಕೆ ಸಿಗುವುದು 3 ಎಟಿಪಿ. ಅದೇ ಘಟಕ ಆಮ್ಲಜನಕದ ಜೊತೆ ಪೂರ್ತಿ ಉರಿದರೆ ಸುಮಾರು 30. ಆದರೆ ಆಮ್ಲಜನಕದ ಪೂರೈಕೆ ಏರಿ ಬರಲು ಅರ್ಧ ನಿಮಿಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ನೀವು ಎರಡನೇ ತಿರುವಿನಲ್ಲಿರುತ್ತೀರಿ.

ಇನ್ನು ಕೊರಡಾಗುವ ಕಾಲಿನೊಳಗೆ ಏನು ನಡೆಯುತ್ತದೆ ಅಂದರೆ, ಒಡೆದ ಕ್ರಿಯಾಟಿನ್ ಫಾಸ್ಫೇಟಿನಿಂದ ಬಿಡುಗಡೆಯಾದ ಫಾಸ್ಫೇಟ್ ಸ್ನಾಯುವಿನ ತಂತುಗಳೊಳಗೆ ಶೇಖರವಾಗುತ್ತದೆ. ಸ್ನಾಯು ಕುಗ್ಗಬೇಕಾದರೆ ಕ್ಯಾಲ್ಸಿಯಂ ಬಿಡುಗಡೆಯಾಗಬೇಕು. ಈ ಫಾಸ್ಫೇಟ್ ಅದಕ್ಕೂ ಅಡ್ಡಿ, ಸ್ನಾಯು ಕುಗ್ಗುವ ಬಲಕ್ಕೂ ಅಡ್ಡಿ. ಪೊಟ್ಯಾಸಿಯಂ ತಂತುವಿನಿಂದ ಹೊರಕ್ಕೆ ಸೋರಿ ನರದ ಆಜ್ಞೆ ಮಂಕಾಗುತ್ತದೆ. ಜೊತೆಗೆ ಆಮ್ಲೀಯತೆಯೂ ಏರುತ್ತದೆ. ಅದೇ ಉರಿ ತರುತ್ತದೆ, ಆದರೆ ದೇಹದ ಉಷ್ಣತೆಯಲ್ಲಿ ಬಲ ಕುಗ್ಗಿಸುವುದರಲ್ಲಿ ಅದರ ಪಾತ್ರ ಹಿಂದೆ ಅಂದುಕೊಂಡಷ್ಟು ದೊಡ್ಡದಲ್ಲ. ಲ್ಯಾಕ್ಟಿಕ್ ಆಸಿಡ್ ದೇಹದಲ್ಲಿರುವುದು ಲ್ಯಾಕ್ಟೇಟ್ ರೂಪದಲ್ಲಿ, ಅದಂತೂ ಇಂಧನ: ಹೃದಯ ಮತ್ತು ನಿಧಾನವಾಗಿ ಕುಗ್ಗಿ ಬೇಗ ದಣಿಯದ ನಿಧಾನ ತಂತುಗಳು ಅದನ್ನು ಉರಿಸಿಕೊಳ್ಳುತ್ತವೆ, ಓಟ ಮುಗಿದು ಗಂಟೆಯೊಂದರಲ್ಲಿ ರಕ್ತದಲ್ಲಿ ಅದು ಮೊದಲಿನ ಮಟ್ಟದ ಹತ್ತಿರಕ್ಕೆ ಇಳಿದಿರುತ್ತದೆ. ಮರುದಿನ ತೊಡೆ ನೋಯುತ್ತಿದ್ದರೆ ಲ್ಯಾಕ್ಟೇಟನ್ನು ಬೈಯಬೇಡಿ.

ಈ ಎಲ್ಲದರ ಮುಂದೆ ಮೊದಲು ಸೋಲುವುದು ಬೇಗ ಕುಗ್ಗುವ ವೇಗದ ತಂತುಗಳು. ಅವುಗಳಲ್ಲಿ ಆಮ್ಲಜನಕ ಬಳಸಿ ಎಟಿಪಿ ತಯಾರಿಸುವ ಮೈಟೋಕಾಂಡ್ರಿಯಾ ಕಡಿಮೆ, ಎಟಿಪಿ ಖರ್ಚು ಜಾಸ್ತಿ. ದೇಹ ಯಾವಾಗಲೂ ನಿಧಾನ ತಂತುಗಳನ್ನು ಮೊದಲು ಕರೆಯುತ್ತದೆ, ಹೆಚ್ಚು ಬಲ ಬೇಕಾದಾಗ ಮಾತ್ರ ವೇಗದವನ್ನು. ಗೆಳೆಯರ 8 ಕಿ.ಮೀ. ಸಲಹೆ ಎಡವುವುದು ಇಲ್ಲೇ: ಮಾತಾಡಿಕೊಂಡು ಓಡುವಷ್ಟು ನಿಧಾನದಲ್ಲಿ ವೇಗದ ತಂತುಗಳಿಗೆ ಹೆಚ್ಚು ಕೆಲಸವೇ ಬೀಳುವುದಿಲ್ಲ. ಮ್ಯಾರಥಾನ್ ಓಟಗಾರರ ದಣಿವಿನ ದಾರಿಯೇ ಬೇರೆ. ಅವರಲ್ಲಿ ಫಾಸ್ಫೇಟಿನ ಗೋಳು ಅಷ್ಟಿಲ್ಲ, 30 ಕಿ.ಮೀ. ಸುಮಾರಿಗೆ ನಿಧಾನ ತಂತುಗಳ ಗ್ಲೈಕೋಜೆನ್ ಬರಿದಾಗುತ್ತಾ ಬರುತ್ತದೆ, ದೇಹ ವೇಗದ ತಂತುಗಳನ್ನು ಕೆಲಸಕ್ಕೆ ಎಳೆಯುತ್ತದೆ, ಅದೇ ವೇಗಕ್ಕೆ ಏದುಸಿರು ಜಾಸ್ತಿಯಾಗುತ್ತದೆ. ಅವರಿಗೆ ದಾರಿಯಲ್ಲಿ ಸಕ್ಕರೆ ಅಂಶ ಸೇವಿಸಿ ಉಪಯೋಗವುಂಟು. 400ಕ್ಕೆ ಅದು ದಂಡ.

ಹಾಗೆಂದು ನಿಧಾನ ಓಟವನ್ನು ಪೂರ್ತಿ ಬಿಡಬೇಡಿ. 400 ಮೀಟರ್‌ನ ಶಕ್ತಿಯಲ್ಲಿ ಸುಮಾರು ಶೇ 40ರಷ್ಟು ಆಮ್ಲಜನಕದ ದಾರಿಯಿಂದಲೇ ಬರುತ್ತದೆ. ವಾರಕ್ಕೆ ಒಂದು ಸಲ, 25-30 ನಿಮಿಷ ಸಾಕು.

ಮುಖ್ಯ ತಿದ್ದುಪಡಿ ವೇಗ ಹಂಚಿಕೆಯದು. ಮೊದಲ 200ನ್ನು 26.5ಕ್ಕೆ ಓಡಿ. ಮುಂದಿನ 100ಕ್ಕೆ 14.3, ಕೊನೆಯದಕ್ಕೆ 15.2 ಬಂದರೆ ಒಟ್ಟು 56. ಮೊದಲರ್ಧದಲ್ಲಿ ಬಿಟ್ಟುಕೊಟ್ಟ 1.2 ಸೆಕೆಂಡಿಗೆ ಪ್ರತಿಯಾಗಿ ಕೊನೆಯ ನೂರರಲ್ಲೇ 2.8 ವಾಪಸ್ ಬರುತ್ತದೆ. ಇದನ್ನು ಕಾಲಿಗೆ ಕಲಿಸಲು ವಾರಕ್ಕೊಮ್ಮೆ 300 ಮೀಟರನ್ನು ಎರಡು ಸಲ, 40.8 ಸೆಕೆಂಡಿಗೆ ಓಡಿ. ನಡುವೆ 12-15 ನಿಮಿಷ ಬಿಡುವಿರಲಿ. 200ರ ಗುರುತಿನಲ್ಲಿ ಯಾರಾದರೂ ನಿಂತು ಸಮಯ ಕೂಗಿ ಹೇಳಲಿ, ಯಾಕೆಂದರೆ ಆರಂಭದಲ್ಲಿ 25.3 ಕೂಡ ಹಗುರವೆನಿಸುತ್ತದೆ.

ಇನ್ನೊಂದು ದಿನ 60 ಮೀಟರನ್ನು ಐದು ಸಲ ಪೂರ್ತಿ ವೇಗದಲ್ಲಿ. ಹೆಚ್ಚಿನವರು ಕೆಡಿಸುವುದು ಇಲ್ಲಿಯ ಬಿಡುವನ್ನು. ಕ್ರಿಯಾಟಿನ್ ಫಾಸ್ಫೇಟಿನ ಅರ್ಧ ಭಾಗ ಅರ್ಧ ನಿಮಿಷದ ಆಸುಪಾಸಿನಲ್ಲಿ ಮರಳಿದರೂ ಬಹುತೇಕ ತುಂಬಲು ನಾಲ್ಕೈದು ನಿಮಿಷ ಬೇಕು. ಉಸಿರು ತಹಬಂದಿಗೆ ಬಂತು ಎಂದು ಒಂದೇ ನಿಮಿಷಕ್ಕೆ ಹೊರಟರೆ ಅದು ವೇಗದ ಅಭ್ಯಾಸವಾಗಿ ಉಳಿಯುವುದಿಲ್ಲ. ಮೊದಲ ಓಟಕ್ಕಿಂತ ಸಮಯ 0.3 ಸೆಕೆಂಡ್ ಹೆಚ್ಚಾಯಿತೆಂದರೆ ಆ ದಿನದ ಮಟ್ಟಿಗೆ ಅಲ್ಲಿಗೇ ನಿಲ್ಲಿಸಿ.