ಏನು ಕಾಣುತ್ತದೆ ಎಂಬುದನ್ನೇ ಬರೆಯಿರಿ

*ಸಂಪಾದಕರೇ,*
*ನಾನು ಹತ್ತನೇ ತರಗತಿಗೆ ಇತಿಹಾಸ ಕಲಿಸುತ್ತೇನೆ. ಎರಡನೇ ಮಹಾಯುದ್ಧದ ಪಾಠದ ಜೊತೆ ‘ನೈಟ್ ಆಂಡ್ ಫಾಗ್’ ಸಾಕ್ಷ್ಯಚಿತ್ರ ತೋರಿಸಬೇಕೆಂದಿದ್ದೇನೆ. ಪೋಷಕರಿಗೆ ಹೀಗೆ ಮೇಲ್ ಕಳಿಸಿದೆ: ‘ಮುಂದಿನ ವಾರ ಒಂದು ಶೈಕ್ಷಣಿಕ ಸಾಕ್ಷ್ಯಚಿತ್ರ ತೋರಿಸುತ್ತೇವೆ. ಮನಸ್ಸಿಗೆ ನೋವಾಗುವ ಕೆಲವು ದೃಶ್ಯಗಳಿವೆ. ಆಕ್ಷೇಪವಿದ್ದರೆ ತಿಳಿಸಿ.’ ಇಬ್ಬರು ಬೇಡ ಎಂದರು. ಕೆಲವರು ಸರಿ ಎಂದರು. ಅರ್ಧಕ್ಕಿಂತ ಜಾಸ್ತಿ ಜನ ಉತ್ತರವನ್ನೇ ಕೊಟ್ಟಿಲ್ಲ. ಸುಮ್ಮನಿದ್ದರೆ ಒಪ್ಪಿಗೆ ಅಂತಲೇ ಅರ್ಥ ಎನ್ನುತ್ತಾರೆ ಸಹೋದ್ಯೋಗಿಗಳು. ತೋರಿಸಬಹುದೇ?*
*– ಒಬ್ಬ ಶಿಕ್ಷಕಿ*

ಮೇಡಂ, ತೋರಿಸಿ. ಆದರೆ ಮುಂದಿನ ವಾರ ಬೇಡ. ಅದಕ್ಕೂ ಮೊದಲು ಇನ್ನೊಂದು ಮೇಲ್ ಹೋಗಬೇಕು.

‘ಮನಸ್ಸಿಗೆ ನೋವಾಗುವ ಕೆಲವು ದೃಶ್ಯಗಳು’ ಎಂದು ಓದಿದ ತಂದೆ ತಾಯಿಗೆ ಏನೂ ಗೊತ್ತಾಗುವುದಿಲ್ಲ. ಒಬ್ಬರು ಅಳುವ ಜನರನ್ನು ಕಲ್ಪಿಸಿಕೊಂಡು ಸರಿ ಎನ್ನುತ್ತಾರೆ. ಇನ್ನೊಬ್ಬರು ಇಲ್ಲದ್ದನ್ನೆಲ್ಲ ಕಲ್ಪಿಸಿಕೊಂಡು ಬೇಡ ಎನ್ನುತ್ತಾರೆ. ಆ ಮೊದಲನೆಯವರ ‘ಸರಿ’ಯನ್ನು ನಾನು ಒಪ್ಪಿಗೆ ಎಂದು ಲೆಕ್ಕಕ್ಕೆ ಹಿಡಿಯಲಾರೆ. ತಾವು ಯಾವುದಕ್ಕೆ ಒಪ್ಪಿದೆವು ಎಂಬುದೇ ಅವರಿಗೆ ಗೊತ್ತಿಲ್ಲ, ಅಲ್ವಾ? ನಿಮಗೆ ಚಿತ್ರ ಗೊತ್ತು, ಅವರಿಗೆ ಮಗು ಗೊತ್ತು. ಮಗುವಿನ ಬಗ್ಗೆ ತೀರ್ಮಾನ ಮಾಡಬೇಕಾದರೆ ನಿಮಗೆ ಗೊತ್ತಿರುವುದು ಅವರಿಗೂ ಗೊತ್ತಾಗಬೇಕು.

ತರಗತಿಯಲ್ಲಿ ಹಾಕುವ ಪ್ರತಿಯನ್ನೇ ಮೊದಲು ನೀವೊಬ್ಬರೇ ಪೂರ್ತಿ ನೋಡಿ. ಕೈಯಲ್ಲಿ ಪೆನ್ನು ಇರಲಿ. ಕಷ್ಟದ ದೃಶ್ಯ ಬಂದಾಗೆಲ್ಲ ಪರದೆಯ ಮೇಲಿನ ಸಮಯ ಬರೆದುಕೊಳ್ಳಿ. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು, ಕಂಡಿದ್ದು ಏನು, ಇಷ್ಟು ಸಾಕು. ನೆನಪಿನಿಂದ ಬರೆಯಲು ಹೋಗಬೇಡಿ. ಹಿಂದೆ ಯಾವಾಗಲೋ ನೋಡಿದ ಚಿತ್ರದಲ್ಲಿ ಒಂದೋ ಎರಡೋ ದೃಶ್ಯ ಮನಸ್ಸಿನಲ್ಲಿ ಉಳಿದಿರುತ್ತವೆ, ಉಳಿದದ್ದು ಅಳಿಸಿಹೋಗಿರುತ್ತದೆ.

ಆಮೇಲೆ ಮೇಲ್‌ನಲ್ಲಿ ಮೃದುಗೊಳಿಸದೆ ಬರೆಯಿರಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

‘ಇದು ಅಲೆನ್ ರೆನೆ ನಿರ್ದೇಶಿಸಿದ 32 ನಿಮಿಷದ ಫ್ರೆಂಚ್ ಚಿತ್ರ. 1956ರಲ್ಲಿ ಬಿಡುಗಡೆಯಾಯಿತು. ಮಾತು ಫ್ರೆಂಚಿನಲ್ಲಿದೆ, ಕೆಳಗೆ ಸಬ್‌ಟೈಟಲ್ ಬರುತ್ತದೆ. ಯುದ್ಧ ಮುಗಿದ ಮೇಲೆ ಖಾಲಿ ಬಿದ್ದಿದ್ದ ನಾಜಿ ಶಿಬಿರಗಳನ್ನು ಬಣ್ಣದಲ್ಲಿ ತೋರಿಸುತ್ತಾರೆ. ನಡುನಡುವೆ ಹಳೆಯ ಕಪ್ಪು-ಬಿಳುಪು ಚಿತ್ರಗಳು ಬರುತ್ತವೆ. ಅವುಗಳಲ್ಲಿ ಬಟ್ಟೆಯಿಲ್ಲದ ಕೈದಿಗಳು, ಮೂಳೆ ಚಕ್ಕಳವಾದ ದೇಹಗಳು, ಕತ್ತರಿಸಿದ ತಲೆಗಳು ಕಾಣುತ್ತವೆ. ಕೊನೆಯ ಭಾಗದಲ್ಲಿ ಬುಲ್‌ಡೋಜರ್ ಒಂದು ಹೆಣಗಳ ರಾಶಿಯನ್ನು ಗುಂಡಿಗೆ ತಳ್ಳುತ್ತದೆ. ಈ ದೃಶ್ಯಗಳಲ್ಲಿ ನಟನೆ ಇಲ್ಲ. ಅಲ್ಲಿ ಕಾಣುವವರೆಲ್ಲ ನಿಜವಾದ ಜನ.’

ಓದುವುದಕ್ಕೇ ಕಷ್ಟ, ನಿಜ. ಆದರೆ ಈ ಪ್ಯಾರಾವನ್ನು ಪೋಷಕರಿಗೆ ಕಳಿಸಲು ನಿಮಗೆ ಕೈ ಬಾರದಿದ್ದರೆ, ಅದೇ ದೃಶ್ಯವನ್ನು ಹದಿನೈದು ವರ್ಷದ ಮಗುವಿಗೆ ತೋರಿಸುವುದು ಹೇಗೆ? ನೀವು ಬರೆದುಕೊಂಡ ಸಮಯಗಳನ್ನೂ ಕೆಳಗೆ ಸೇರಿಸಿ. ‘ತೋರಿಸಿ, ಆದರೆ ಆ ಕೊನೆಯ ಭಾಗ ಬೇಡ’ ಎನ್ನುವ ಪೋಷಕರಿಗೂ ಆಗ ಒಂದು ದಾರಿ ಸಿಗುತ್ತದೆ.

ಆ ಬುಲ್‌ಡೋಜರ್ ದೃಶ್ಯದ ಬಗ್ಗೆ ಇನ್ನೊಂದು ಮಾತು. ಅದು ಬರ್ಗನ್-ಬೆಲ್ಸೆನ್ ಶಿಬಿರದ್ದು. 1945ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸೇನೆ ಅಲ್ಲಿಗೆ ಬಂದಾಗ ಸಾವಿರಾರು ಹೆಣಗಳು ಹೂಳದೆ ಬಿದ್ದಿದ್ದವು. ಟೈಫಸ್ ಎಂಬ ಸಾಂಕ್ರಾಮಿಕ ಜ್ವರ ಹರಡುತ್ತಿತ್ತು. ಬೇಗ ಹೂಳಲೇಬೇಕಾಗಿತ್ತು. ಆ ಯಂತ್ರ ಓಡಿಸುತ್ತಿದ್ದವನು ಬ್ರಿಟಿಷ್ ಸೈನಿಕ. ಇದನ್ನು ಹೇಳದಿದ್ದರೆ ಮಕ್ಕಳು ಅವನನ್ನು ನಾಜಿ ಎಂದೇ ತಿಳಿಯುತ್ತಾರೆ. ಹಾಗೆಯೇ, ಯಹೂದಿಗಳನ್ನು ಗುರಿಯಿಟ್ಟು ಕೊಂದರು ಎಂಬುದನ್ನು ಈ ಚಿತ್ರ ಬಿಡಿಸಿ ಹೇಳುವುದೇ ಇಲ್ಲ. ಅವರ ಹೆಸರು ಬಂದೂ ಬರದಂತೆ ಹಾದುಹೋಗುತ್ತದೆ. ಹಾಗಾಗಿ ಹಿಂದಿನ ದಿನವೇ ಆ ಪಾಠ ಮುಗಿದಿರಬೇಕು. ಅದು ಮುಗಿದಿರುತ್ತದೆ, ಚಿತ್ರದ ನಂತರ ಮಾತಾಡಲು ಇನ್ನೊಂದು ಪೀರಿಯಡ್ ಇಟ್ಟಿದ್ದೇನೆ ಎಂದು ಮೇಲ್‌ನಲ್ಲಿ ಎರಡು ಸಾಲು ಬರೆಯಿರಿ. ಚಿತ್ರ ಮುಗಿದ ತಕ್ಷಣ ಬೆಲ್ ಹೊಡೆದು, ಮಕ್ಕಳು ಸೀದಾ ಗಣಿತದ ಕ್ಲಾಸಿಗೆ ಹೋಗುವಂತೆ ಆಗಬಾರದು.

ಈಗ ಸುಮ್ಮನಿರುವವರ ವಿಷಯ. ಮಾಮೂಲಿ ಚಿತ್ರವಾಗಿದ್ದರೆ, ಶಾಲೆಯ ನಿಯಮ ಒಪ್ಪಿದರೆ, ‘ಆಕ್ಷೇಪವಿದ್ದರೆ ತಿಳಿಸಿ’ ಎನ್ನುವುದು ನಡೆಯುತ್ತದೆ. ಈ ಚಿತ್ರಕ್ಕೆ ಅದು ಸಾಲದು. ಮೇಲ್ ಸ್ಪ್ಯಾಮ್‌ಗೆ ಹೋಗಿರಬಹುದು. ಶಾಲೆಯಲ್ಲಿರುವುದು ಬಳಕೆಯಲ್ಲಿಲ್ಲದ ವಿಳಾಸವಿರಬಹುದು. ಓದಿ, ಆಮೇಲೆ ಉತ್ತರಿಸೋಣ ಎಂದು ಮರೆತಿರಬಹುದು. ಇದರಲ್ಲಿ ಯಾವುದೂ ಒಪ್ಪಿಗೆಯಲ್ಲ. ‘ಉತ್ತರ ಬಾರದಿದ್ದರೆ ನಿಮ್ಮ ಮಗುವಿಗೆ ಚಿತ್ರ ತೋರಿಸುವುದಿಲ್ಲ’ ಎಂದೇ ಬರೆಯಿರಿ.

ಉತ್ತರಿಸುವುದು ಮಾತ್ರ ತೀರಾ ಸುಲಭವಾಗಿರಲಿ. ವಿಷಯದ ಸಾಲಿನಲ್ಲೇ ‘ಉತ್ತರ ಬೇಕು: ಹತ್ತನೇ ತರಗತಿ ಸಾಕ್ಷ್ಯಚಿತ್ರಕ್ಕೆ ಒಪ್ಪಿಗೆ’ ಎಂದಿರಲಿ, ಪಕ್ಕದಲ್ಲಿ ಕೊನೆಯ ದಿನಾಂಕ. ಮಗುವಿನ ಹೆಸರು ಬರೆದು ‘ಒಪ್ಪಿಗೆ ಇದೆ’ ಅಥವಾ ‘ಬೇಡ’ ಎಂದರೆ ಸಾಕು ಅನ್ನಿ. ಕಾರಣ ಕೇಳಬೇಡಿ. ಮನೆಯಲ್ಲಿ ಈಚೆಗೆ ಸಾವಾಗಿರಬಹುದು, ಮಗುವಿಗೆ ರಾತ್ರಿ ನಿದ್ದೆ ಬರದಿರಬಹುದು. ಅದನ್ನೆಲ್ಲ ನಿಮಗೆ ಬರೆದು ತಿಳಿಸುವ ಹಂಗು ಅವರಿಗಿಲ್ಲ. ಪ್ರದರ್ಶನಕ್ಕೆ ಹತ್ತು ದಿನ ಮೊದಲು ಕಳಿಸಿ. ನಾಲ್ಕೈದು ದಿನ ಬಿಟ್ಟು, ಉತ್ತರಿಸದವರಿಗೆ ಮಾತ್ರ ನೆನಪಿಸಿ. ಆಮೇಲೂ ಉಳಿದವರಿಗೆ ಫೋನ್ ಮಾಡಿ. ಫೋನಿನಲ್ಲಿ ಹೂಂ ಎಂದರೆ ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ.

ಇನ್ನೊಂದು ಮುಖ್ಯ ವಿಷಯ. ಎಲ್ಲರ ವಿಳಾಸವನ್ನೂ `To` ಸಾಲಿನಲ್ಲಿ ಹಾಕಬೇಡಿ, `BCC` ಸಾಲಿನಲ್ಲಿ ಹಾಕಿ. ಇಲ್ಲದಿದ್ದರೆ ಯಾರೋ ಒಬ್ಬರು `Reply all` ಒತ್ತಿ ‘ಒಳ್ಳೆಯ ಕೆಲಸ ಟೀಚರ್, ಒಪ್ಪಿಗೆ ಇದೆ’ ಎನ್ನುತ್ತಾರೆ. ಹಿಂದೆಯೇ ನಾಲ್ಕು ಜನ ‘ನಮ್ಮದೂ’ ಎನ್ನುತ್ತಾರೆ. ಬೇಡ ಎನ್ನಬೇಕೆಂದಿದ್ದ ತಾಯಿ ಅದನ್ನು ನೋಡಿ ಸುಮ್ಮನಾಗುತ್ತಾರೆ. ಎಲ್ಲರೆದುರು ಬೇಡ ಎನ್ನಲು ಯಾರಿಗೂ ಮುಜುಗರವೇ. ನಿಮ್ಮ ಮೊದಲ ಮೇಲ್‌ಗೆ ಬಂದ ಒಪ್ಪಿಗೆಗಳೆಲ್ಲ ಹೀಗೆ ಒಂದರ ಬೆನ್ನಿಗೊಂದು ಬಂದಿದ್ದರೆ ಅವನ್ನು ನಂಬಬೇಡಿ, ಹೊಸದಾಗಿ ಕೇಳಿ.

ನೋಡದ ಮಕ್ಕಳು ಆ ಹೊತ್ತು ಏನು ಮಾಡುತ್ತಾರೆ ಎಂಬುದು ಮೇಲ್‌ನಲ್ಲಿ ಇರಲೇಬೇಕು. ಹೊರಗೆ ಕೂರುತ್ತಾರೆ ಎಂದರೆ ಅದು ಶಿಕ್ಷೆಯಾಯಿತು. ಶಿಬಿರದಿಂದ ಬದುಕಿ ಬಂದವರ ಬರಹದಿಂದ ನೀವೇ ಆರಿಸಿದ ಎರಡು ಪುಟವನ್ನು ಗ್ರಂಥಾಲಯದಲ್ಲಿ, ಇನ್ನೊಬ್ಬ ಶಿಕ್ಷಕರ ಜೊತೆ ಓದಲಿ. ಚಿತ್ರ ನೋಡಿದವರಿಗೆ ಕೇಳುವ ಪ್ರಶ್ನೆಯನ್ನೇ ಅವರಿಗೂ ಕೊಡಿ. ಆಗ ಮುಂದಿನ ಪೀರಿಯಡ್‌ನ ಮಾತಿನಲ್ಲಿ ಅವರೂ ಸೇರಿಕೊಳ್ಳಬಹುದು. ಚಿತ್ರದಲ್ಲಿ ಬಂದಿದ್ದು ಪರೀಕ್ಷೆಗೆ ಬರುವುದಿಲ್ಲ ಎಂದೂ ಬರೆಯಿರಿ. ಅಪ್ಪ ಅಮ್ಮ ಒಪ್ಪಿದ ಮಗುವೂ ನಡುವೆ ಎದ್ದು ಹೋಗಬಹುದು. ಅಂಥ ಮಗುವನ್ನು ಬಾಗಿಲ ಬಳಿ ಕೂರಿಸಿ, ಏಳಲು ಅನುಮತಿ ಕೇಳಬೇಕಿಲ್ಲ ಎಂದು ಮೊದಲೇ ಹೇಳಿಡಿ.

ಕಳಿಸುವ ಮೊದಲು ಮೇಲ್‌ನ ಪ್ರತಿಯನ್ನು ಮುಖ್ಯೋಪಾಧ್ಯಾಯರಿಗೆ ತೋರಿಸಿ. ನಾಳೆ ಯಾರಾದರೂ ದೂರು ತಂದರೆ ಅವರು ಮೊದಲ ಬಾರಿಗೆ ಕೇಳಿದಂತೆ ಆಗಬಾರದು. ಚಿತ್ರದ ಪ್ರತಿಯನ್ನು ತರಗತಿಯಲ್ಲಿ ತೋರಿಸಲು ಹಕ್ಕಿದೆಯೇ ಎಂದೂ ಆಗಲೇ ಕೇಳಿಬಿಡಿ. ಮನೆಯ ಸ್ಟ್ರೀಮಿಂಗ್ ಖಾತೆ ಸಾಮಾನ್ಯವಾಗಿ ಮನೆಯ ಬಳಕೆಗಷ್ಟೇ ಇರುತ್ತದೆ.

ಬೇಡ ಎಂದ ಆ ಇಬ್ಬರಿಗೂ ಹೊಸ ಮೇಲ್ ಹೋಗಲಿ, ವಿವರ ನೋಡುವುದು ಅವರ ಹಕ್ಕು. ಬೇಕಿದ್ದರೆ ಶಾಲೆಗೆ ಬಂದು ಚಿತ್ರವನ್ನು ಮೊದಲು ನೀವೇ ನೋಡಿ ಎಂದು ಕರೆಯಿರಿ, 32 ನಿಮಿಷ ತಾನೇ. ಆಮೇಲೂ ಬೇಡ ಎಂದರೆ ‘ತಿಳಿಸಿದ್ದಕ್ಕೆ ಧನ್ಯವಾದ, ನಿಮ್ಮ ಮಗು ಆ ಹೊತ್ತು ಗ್ರಂಥಾಲಯದಲ್ಲಿ ಇರುತ್ತದೆ’ ಎಂದು ಬರೆದು ಮಾತು ಮುಗಿಸಿ.

– ಸಂಪಾದಕ